ಗಂಟಿನಡಿಯ ಕಪ್ಪು ಹಕ್ಕಳೆ

ಮಕ್ಕಳ ವಾರ್ಡಿನಲ್ಲಿ ಆಕೆಗೆ ‘ಹೆರಳು ಸಿಸ್ಟರ್’ ಎಂದೇ ಹೆಸರು. ಪ್ರಜ್ಞೆಯಿಲ್ಲದ ಹುಡುಗಿ ಬಂದರೆ ಸಾಕು, ಆಕ್ಸಿಜನ್ ಕೊಳವೆಗೆ ಕೂದಲು ಸಿಕ್ಕಿಕೊಳ್ಳಬಾರದೆಂದು ಎಲ್ಲವನ್ನೂ ಹಿಂದಕ್ಕೆಳೆದು ಬಿಗಿಯಾಗಿ ಗಂಟು ಹಾಕಿಬಿಡುತ್ತಿದ್ದಳು. ಆಕೆ ಹಾಕಿದ ಗಂಟು ಜಪ್ಪಯ್ಯ ಅಂದರೂ ಬಿಚ್ಚುತ್ತಿರಲಿಲ್ಲ. ಅದರ ಬಗ್ಗೆ ಆಕೆಗೆ ಚೂರು ಜಂಬವೂ ಇತ್ತು, ಇರಲಿ ಬಿಡಿ.

ಸೋಮವಾರ ಬೆಳಿಗ್ಗೆ ಆರು ವರ್ಷದ ಹುಡುಗಿಯೊಬ್ಬಳನ್ನು ಅಪ್ಪ ಹೊತ್ತುಕೊಂಡೇ ಓಡಿ ಬಂದ. ಆರು ದಿನದಿಂದ ಜ್ವರ, ಆ ಬೆಳಿಗ್ಗೆ ಫಿಟ್ಸ್, ಆಮೇಲೆ ಎಚ್ಚರವೇ ಇಲ್ಲ. ಡಾಕ್ಟರಮ್ಮ ಫಿಟ್ಸ್ ನಿಲ್ಲಿಸುವ ಔಷಧ ಕೊಟ್ಟರು, ಸಕ್ಕರೆ ಅಂಶ ನೋಡಿದರು, ಮಂಚದ ತಲೆಭಾಗ ಏರಿಸಿದರು. ಹುಡುಗಿ ಸ್ವಲ್ಪ ಸ್ಥಿರವಾದ ಮೇಲೆ ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಅಷ್ಟರಲ್ಲಿ ಸಿಸ್ಟರ್ ಕೈ ಸುಮ್ಮನಿರುತ್ತದೆಯೇ? ಗಂಟು ಬಿತ್ತು.

“ಮೆದುಳು ಜ್ವರ. ಯಾವುದರಿಂದ ಬಂತು ಅಂತ ರಿಪೋರ್ಟ್ ಬರೋಕೆ ಎರಡು ಮೂರು ದಿನ ಬೇಕು,” ಎಂದರು ಡಾಕ್ಟರಮ್ಮ. “ಅಲ್ಲಿವರೆಗೂ ಸುಮ್ಮನೆ ಕೂರಲ್ಲ. ಆ್ಯಂಟಿಬಯೋಟಿಕ್ ಶುರು ಮಾಡಿದ್ದೀವಿ.”

ಅಪ್ಪನ ಮುಖ ಕೆಂಪೇರಿತು. “ಮೆದುಳು ಜ್ವರಾನಾ? ಅದರ ಲಸಿಕೆ ಎರಡೂ ಡೋಸ್ ಹಾಕಿಸಿದ್ದೀವಲ್ಲ ಮೇಡಂ! ಕಾರ್ಡ್ ನೋಡಿ. ಹಾಕಿಸಿ ಏನು ಬಂತು? ಇವಳ ತಮ್ಮ ಚಿಕ್ಕವನಿಗೆ ಎರಡನೇ ಡೋಸ್ ಇದೆ ಈ ವಾರ. ಖಂಡಿತ ಹಾಕಿಸಲ್ಲ.”

ಸಿಸ್ಟರಿಗೆ ಉರಿದುಹೋಯಿತು. ಪಕ್ಕದ ಮಂಚದಲ್ಲಿ ಮಲಗಿದ್ದ ಹುಡುಗನಿಗೆ ಜಪಾನೀಸ್ ಮೆದುಳು ಜ್ವರ. ಲಸಿಕೆಯ ಒಂದು ಡೋಸೂ ಬಿದ್ದಿರಲಿಲ್ಲ. ಆ ಜ್ವರಕ್ಕೆಂದೇ ಔಷಧವಿಲ್ಲ, ಉಸಿರು, ನೀರು, ಆಹಾರ ನೋಡಿಕೊಂಡು, ಫಿಟ್ಸ್ ತಡೆದು ದೇಹಕ್ಕೆ ಆಸರೆಯಾಗಿ ನಿಲ್ಲುವುದಷ್ಟೇ. ಹತ್ತು ದಿನದ ಮೇಲೆ ನಿನ್ನೆ ಆತ ಒಂದು ಚಮಚ ನೀರು ನುಂಗಿದ್ದ. ಅದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದವಳು, ಅಪ್ಪ ಮಗಳ ಪಾದ ಹಿಡಿದು ನಿಂತಿರುವುದನ್ನು ಕಂಡು ಡ್ರಿಪ್ ಸರಿಪಡಿಸಲು ತಿರುಗಿದಳು.

ಮಂಗಳವಾರಕ್ಕೆ ಜ್ವರ ಇನ್ನೂ ಏರಿತು. ಕರೆದರೆ ಓಗೊಡುತ್ತಿಲ್ಲ, ಚಿವುಟಿದರೆ ಮಾತ್ರ ನರಳುತ್ತಾಳೆ. ಮಗು ಕೈ ಜಾರುತ್ತಿದೆ ಎಂದು ಸಿಸ್ಟರ್ ಎದೆ ಹೇಳಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಬಂದಾಗ ನೋಡುತ್ತಾಳೆ, ತಲೆ ಒಂದು ಕಡೆಗೆ ವಾಲಿದೆ. ಇಂಥ ಮಕ್ಕಳ ತಲೆ ನೇರವಾಗಿರಬೇಕು, ಇಲ್ಲದಿದ್ದರೆ ಬುರುಡೆಯೊಳಗಿನ ಒತ್ತಡ ಹೆಚ್ಚುತ್ತದೆ. ವಾಲಿಸಿದ್ದು ಬೇರೇನೂ ಅಲ್ಲ, ತಲೆಯಡಿ ಸಿಕ್ಕಿದ್ದ ಆಕೆಯದೇ ಗಂಟು. ಮನಸ್ಸಿಲ್ಲದ ಮನಸ್ಸಿನಿಂದ ಬಿಚ್ಚಿದಳು. ಕೂದಲು ಬಿಡಿಸುತ್ತಿದ್ದ ಬೆರಳು ಬಲಗಿವಿಯ ಹಿಂದೆ ತಡವರಿಸಿತು.

ಅಲ್ಲೊಂದು ಕಪ್ಪು ಹಕ್ಕಳೆ. ಬೀಡಿಯ ಕಿಡಿ ತಾಗಿ ಸುಟ್ಟಂತಿತ್ತು, ಸುತ್ತ ಕೆಂಪು ಅಂಚು.

ಒಂದು ಇಡೀ ದಿನ ಅದನ್ನು ಮುಚ್ಚಿಟ್ಟವಳು ತಾನೇ! ಯಾರ ಮೇಲಾದರೂ ಹೊರಿಸಬಹುದಿತ್ತು. ಆದರೆ ಆಕೆ ಡಾಕ್ಟರ ಕೋಣೆಗೆ ಹೆಚ್ಚುಕಡಿಮೆ ಓಡಿದಳು.

“ಮೇಡಂ, ತಪ್ಪು ನಂದು. ಕೂದಲು ಕಟ್ಟೋವಾಗ ಕಿವಿ ಹಿಂದೆ ನೋಡಲೇ ಇಲ್ಲ. ಬನ್ನಿ ಬೇಗ.”

ಡಾಕ್ಟರಮ್ಮ ಬಗ್ಗಿ ನೋಡಿದರು. “ನಾನೂ ನೋಡಿಲ್ವಲ್ಲ ಸಿಸ್ಟರ್,” ಎಂದವರು ಮಂಚದ ಬದಿ ಕೂತಿದ್ದ ಹುಡುಗಿಯ ತಾಯಿಯ ಕಡೆ ತಿರುಗಿದರು. “ಎಲ್ಲಿ ಆಡ್ತಾಳಮ್ಮ ಇವಳು?”

“ಮನೆ ಹಿಂದೆ ಪೊದೆ ಇದೆಯಲ್ಲ, ಅಲ್ಲೇ. ಕಣ್ಣಾಮುಚ್ಚಾಲೆ ಆಡೋಕೆ.”

“ಸ್ಕ್ರಬ್ ಟೈಫಸ್ ಇರಬೇಕು. ಪೊದೆಯಲ್ಲಿರೋ ಕಣ್ಣಿಗೂ ಕಾಣದ ಹುಳು ಕಚ್ಚಿ ಬರೋದು. ಇದೂ ಮೆದುಳಿಗೇರತ್ತೆ. ಆದರೆ ಇದಕ್ಕೆ ಔಷಧ ಇದೆ!”

ರಕ್ತ ಪರೀಕ್ಷೆಗೆ ಹೋಯಿತು. ಉತ್ತರಕ್ಕೆ ಕಾಯದೆ ಅದೇ ಗಳಿಗೆಯಲ್ಲಿ ಡಾಕ್ಸಿಸೈಕ್ಲಿನ್ ಶುರುವಾಯಿತು. ಗುರುವಾರ ಜ್ವರ ಇಳಿಯಿತು. ಅಂದೇ ಎರಡು ರಿಪೋರ್ಟೂ ಬಂದವು: ಜಪಾನೀಸ್ ಅಲ್ಲ, ಸ್ಕ್ರಬ್ ಟೈಫಸ್ಸೇ. ಸಂಜೆ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟಳು, ಆದರೆ ಮಾತಿಲ್ಲ.

ಸಿಸ್ಟರ್ ಅಪ್ಪನನ್ನು ಕೂರಿಸಿಕೊಂಡಳು. “ನೋಡಿ, ಮೆದುಳು ಜ್ವರಕ್ಕೆ ಬಾಗಿಲು ಹತ್ತಾರು. ನೀವು ಹಾಕಿಸಿದ ಲಸಿಕೆ ಕಾಯೋದು ಒಂದು ಬಾಗಿಲು, ಜಪಾನೀಸ್‌ದು. ಇವಳಿಗೆ ಬಂದಿದ್ದು ಬೇರೆ ಬಾಗಿಲಿಂದ. ಕಾವಲಿನವನನ್ನ ಬೈಯೋದು ಯಾವ ನ್ಯಾಯ? ಪಕ್ಕದ ಮಂಚದ ಹುಡುಗನ್ನ ನೋಡಿ, ಒಂದು ಡೋಸೂ ಹಾಕಿಸಿಲ್ಲ, ಬಂದಿದ್ದು ಅದೇ ಜಪಾನೀಸ್.”

ಅಪ್ಪ ಪಕ್ಕದ ಮಂಚವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದುಹೋದ.

ಶುಕ್ರವಾರ ಬೆಳಿಗ್ಗೆ ಎದುರಿನ ಲಸಿಕೆ ಕೋಣೆಯಿಂದ ಕಟ್ಟಡ ಹಾರಿಹೋಗುವಂಥ ಚೀರಾಟ. ಯಾವ ಮಗುವಪ್ಪ ಇದು ಎಂದು ಸಿಸ್ಟರ್ ತಿರುಗುವಷ್ಟರಲ್ಲಿ ಮಂಚದ ಮೇಲಿನ ಹುಡುಗಿ ಮೊಣಕೈ ಊರಿ ಅರ್ಧ ಎದ್ದಿದ್ದಳು. ಗಂಟಲು ಒಡೆದು ಬಂದ ದನಿಯಲ್ಲಿ ಜೋರು ಮಾಡಿದಳು:

“ಅಪ್ಪಾ! ನನ್ನ ತಮ್ಮನ್ನ ಯಾರು ಅಳಿಸ್ತಿರೋದು?”

ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಬಾಗಿಲಲ್ಲಿ, ಚಿಕ್ಕವನನ್ನು ಎತ್ತಿಕೊಂಡು, ಅವನ ತೊಡೆಗೆ ಹತ್ತಿ ಒತ್ತಿ ಹಿಡಿದು ಅಪ್ಪ ನಿಂತಿದ್ದ. ಅಳುತ್ತಲೇ ನಗುತ್ತಿದ್ದ. “ನಾನೇ ಕಣೇ ಅಳಿಸಿದ್ದು,” ಎಂದ. “ಬಾ, ಹೊಡಿ ನನ್ನ.”