ಮುಳ್ಳು ಒಂಬತ್ತರಲ್ಲೇ ಇತ್ತು

ಅಳಿಯನ ಕಾಫಿ ಅಂಗಡಿಯ ಷಟರ್ ಅರ್ಧಕ್ಕೆ ಇಳಿದಿತ್ತು. ಉಪಕರಣದ ಚೀಲವನ್ನು ಮೊದಲು ಒಳಕ್ಕೆ ತಳ್ಳಿ, ಬಳಿಕ ತಾವು ನುಸುಳಿದ ಸ್ಪ್ಯಾನರ್ ಮೇಷ್ಟ್ರು, ಸೊಂಟ ನೆಟ್ಟಗೆ ಮಾಡಿಕೊಂಡು ಮೊದಲು ನೋಡಿದ್ದು ಮಿಷನ್ನನ್ನಲ್ಲ, ಮಗಳ ಬಲಗೈಯನ್ನು. ಮಣಿಕಟ್ಟಿಗೆ ಕಂದು ಬಣ್ಣದ ಪಟ್ಟಿ ಸುತ್ತಿತ್ತು.

"ಏನಾಯ್ತೇ ಕೈಗೆ?"

"ಏನಿಲ್ಲ ಅಪ್ಪ. ಹಿಡಿ ತಿರುಗ್ಸಿ ತಿರುಗ್ಸಿ ಉಳುಕಿದೆ" ಎಂದು ಅವಳು ಹಿಂದಿನ ಪಾತ್ರೆ ತೊಳೆಯುವ ತೊಟ್ಟಿಯ ಕಡೆಗೆ ಹೋದಳು.

ಮೇಷ್ಟ್ರು ಎಂಬುದು ಶಾಲೆಯಿಂದ ಬಂದ ಹೆಸರಲ್ಲ. ಕಾಫಿ ಮಿಷನ್ನುಗಳ ರಿಪೇರಿಯಲ್ಲೇ ತಲೆ ನರೆತವರು ಅವರು. ಯಾರಾದರೂ ಫೋನ್ ಮಾಡಿ ಕಾಫಿ ತೆಳ್ಳಗೆ ಬರುತ್ತಿದೆ ಎಂದರೆ, ಚೀಲ ಹೆಗಲಿಗೇರುವ ಮುಂಚೆ ಬಾಯಿಪಾಠ ಒಪ್ಪಿಸಿಕೊಳ್ಳುವಂತೆ ಪ್ರಶ್ನೆ ಹಾಕುತ್ತಿದ್ದರು. ಪುಡಿ ತುಂಬಿ ಮಿಷನ್ನಿಗೆ ಸಿಕ್ಕಿಸುವ ಹಿಡಿ ಬಿಗಿದಾಗ ನೇರಕ್ಕೆ ನಿಲ್ಲುತ್ತದೆಯೋ, ಬಲಕ್ಕೆ ದಾಟಿ ಹೋಗುತ್ತದೆಯೋ? ಅಂಚಿನಲ್ಲಿ ನೀರು ಒಸರುತ್ತದೆಯೋ? ಉತ್ತರ ಕೇಳಿದರೆ ಸಾಕು, ಅರ್ಧ ರೋಗ ಅಲ್ಲೇ ಗೊತ್ತಾಗುತ್ತಿತ್ತು. ಗಿರಾಕಿಗಳು ಬೈದುಕೊಂಡೇ ಉತ್ತರ ಹೇಳುತ್ತಿದ್ದರು, ಬೈದುಕೊಂಡೇ ಆ ಹೆಸರನ್ನೂ ಇಟ್ಟಿದ್ದರು.

ಅಳಿಯ ಗಲ್ಲಾದ ಬಳಿಯಿಂದ ಎದ್ದು ಬಂದ. "ಬನ್ನಿ ಮಾವ. ಒಂದ್ಸಲ ಪೂರ್ತಿ ಸರ್ವಿಸ್ ಮಾಡಿಬಿಡಿ. ನಾಲ್ಕಕ್ಕೆ ಬಾಗಿಲು ತೆಗೀತೀವಿ, ಹೊಸಬ ಬರ್ತಾನೆ. ಬಂದ ದಿನವೇ ಅವನು ಮಿಷನ್ ಮೇಲೆ ಗೂಬೆ ಕೂರಿಸ್ಬಾರ್ದು ನೋಡಿ."

"ಹೊಸಬ ಯಾಕೆ?"

"ಅದನ್ನ ನೀವೇ ಕೇಳ್ತೀರಲ್ಲ!" ಎಂದು ನಕ್ಕವಳು ಬೀಗಿತ್ತಿ, ಅಳಿಯನ ತಾಯಿ. ಗಲ್ಲಾದ ಪಕ್ಕದ ಕುರ್ಚಿ ಆಕೆಗೆ ಅಂಟಿಕೊಂಡೇ ಬಂದಂತಿತ್ತು. "ಕೈ ಸಡಿಲ ಅಂದವರು ನೀವೇ ಅಲ್ವಾ ಬೀಗರೇ? ಅವತ್ತು ಅಂಗಡಿ ತುಂಬ ಜನ ಕೇಳಿಸ್ಕೊಂಡ್ರು. ಇನ್ಮೇಲೆ ಅವಳು ತೊಳೆಯೋ ಕೆಲಸ ನೋಡ್ಕೊಳ್ಳಲಿ. ಅದೂ ಮನೆ ಕೆಲಸವೇ."

ಮೇಷ್ಟ್ರಿಗೆ ಆ ಮಾತು ನೆನಪಿತ್ತು. ಎರಡು ತಿಂಗಳ ಹಿಂದೆ ಮಗಳು ಫೋನ್ ಮಾಡಿದ್ದಳು. ಕಾಫಿ ನೀರಾಗಿ ಬರುತ್ತಿದೆ, ಅದೂ ತೊಟ್ಟು ತೊಟ್ಟಾಗಿ, ಎಂದು ಏನೇನೋ ವಿವರಿಸುತ್ತಿದ್ದಳು. ಅವರು ಬೇರೊಂದು ಮಿಷನ್ನಿನ ಹೊಟ್ಟೆಯೊಳಗೆ ಕೈ ಇಟ್ಟುಕೊಂಡಿದ್ದರು. ಮಧ್ಯದಲ್ಲೇ ಅಳಿಯ ಫೋನ್ ಕಸಿದುಕೊಂಡು ಸ್ಪೀಕರಿಗೆ ಹಾಕಿದ್ದ. ಒತ್ತಡದ ಮೀಟರಿನ ಮುಳ್ಳು ಎಷ್ಟಕ್ಕೆ ಹೋಗುತ್ತದೆ ಎಂದು ಇವರು ಕೇಳಿದರು. ಒಂಬತ್ತಕ್ಕೆ ಎಂದು ಅವನು ಹೇಳಿದ. "ಹಾಗಾದ್ರೆ ಪಂಪು ಸರಿ ಇದೆ, ಮಿಷನ್ ಸರಿ ಇದೆ. ಅವಳ ಕೈ ಸಡಿಲ. ಪುಡಿ ಗಟ್ಟಿಯಾಗಿ ಒತ್ತಿ, ಹಿಡಿ ಇನ್ನೂ ಬಿಗಿಯಾಗಿ ತಿರುಗಿಸೋಕೆ ಹೇಳಿ" ಎಂದು ಇವರು ಫೋನ್ ಇಟ್ಟರು. ಲೆಕ್ಕ ಮುಗಿದಿತ್ತು.

ಮಗಳು ಮಿಷನ್ ಕಾಫಿ ಮಾಡಲು ಕಲಿತದ್ದು ಅವರ ಮೇಜಿನ ಮೇಲೆಯೇ. ಗಂಡನ ಮನೆ ಸೇರಿದ ಮೇಲೆ ಅವಳದು ಎಂದು ಹೇಳಬಹುದಾದ ಜಾಗ ಒಂದೇ: ಮಿಷನ್ನಿನ ಮುಂದಿನ ಎರಡು ಹೆಜ್ಜೆ ಅಗಲದ ನೆಲ. ಇವತ್ತು ಸಂಜೆ ಅದೂ ಹೋಗುವುದಿತ್ತು.

ಮೇಷ್ಟ್ರು ಖಾಲಿ ಹಿಡಿಯನ್ನು ಮಿಷನ್ನಿನಲ್ಲಿ ಬಿಸಿನೀರು ಇಳಿಯುವ ಹೆಡ್ಡಿಗೆ ಸಿಕ್ಕಿಸಿ ತಿರುಗಿಸಿದರು. ನೇರಕ್ಕೆ ಬಂದು ನಿಲ್ಲಬೇಕಾದದ್ದು ನಿಲ್ಲಲಿಲ್ಲ; ನೇರವನ್ನು ದಾಟಿ, ಬಲಕ್ಕೆ ಜಾರಿ, ಹಬೆಯ ಕೊಳವೆಗೆ ಮುಟ್ಟುವಷ್ಟು ದೂರ ಹೋಯಿತು. ಅವರ ಕೈ ಅಲ್ಲೇ ನಿಂತಿತು. ಅಂದು ಅರ್ಧ ಕಿವಿಯಲ್ಲಿ ಕೇಳಿದ್ದ ಮಾತು ಈಗ ಪೂರ್ತಿ ಕೇಳಿಸಿತು: ಅಪ್ಪ, ಹಿಡಿ ಬಲಕ್ಕೆ ದಾಟಿ ಹೋಗ್ತಿದೆ, ಅಂಚೆಲ್ಲ ಒದ್ದೆ.

ಅವರು ಹಿಡಿಯನ್ನು ಬಿಚ್ಚಿದರು. ಚೀಲದಿಂದ ತಮ್ಮದೇ ಮೀಟರನ್ನು ತೆಗೆದರು. ಅದನ್ನು ಹಿಡಿಯಲ್ಲಿ, ಕಾಫಿ ಪುಡಿ ಕೂರುವ ಜಾಗದಲ್ಲಿ ಕೂರಿಸಿ ನೀರಿನ ಒತ್ತಡ ನೋಡಬಹುದು. ಪಂಪು ಹಾಕಿದರು. ಮಿಷನ್ನಿನ ಮುಳ್ಳು ಒಂಬತ್ತಕ್ಕೆ ಏರಿತು, ಅಳಿಯ ಹೇಳಿದಂತೆಯೇ. ಹಿಡಿಯ ಮುಳ್ಳು ಐದರಲ್ಲಿ ನಿಂತು ನಡುಗಿತು. ಅಂಚಿನ ಸುತ್ತ ಬಿಸಿನೀರು ಒಸರಿ ತಟ್ಟೆಗೆ ಇಳಿಯಿತು.

"ಇಲ್ಲಿ ನೋಡಿ" ಎಂದರು ಮೇಷ್ಟ್ರು. "ಒಂಬತ್ತು ಹೊರಟಿದೆ, ಐದು ತಲುಪಿದೆ. ನಾಲ್ಕು ದಾರೀಲೇ ಸೋರಿ ಹೋಯ್ತು. ನಿಮ್ಮ ಮೀಟರು ಪಂಪಿನ ಹತ್ರ ಇದೆ. ಅದು ಹೊರಟದ್ದನ್ನ ಹೇಳುತ್ತೆ, ತಲುಪಿದ್ದನ್ನಲ್ಲ."

"ಒಳ್ಳೇ ಲೆಕ್ಕ ಮಾವ" ಎಂದ ಅಳಿಯ ಫೋನ್ ನೋಡುತ್ತಲೇ. "ಬೇಗ ಸರಿಮಾಡಿ."

ವಿದ್ಯುತ್ ತೆಗೆದು, ನೀರಿನ ನಲ್ಲಿ ಮುಚ್ಚಿ, ಹಬೆಯನ್ನೆಲ್ಲ ಹೊರಬಿಟ್ಟು, ಹೆಡ್ಡು ಆರುವವರೆಗೆ ಅವರು ಕಾದರು. ಜಾಲರಿ ಬಿಚ್ಚಿ, ಅದರ ಹಿಂದಿನ ರಬ್ಬರ್ ಬಳೆಯನ್ನು ಸ್ಕ್ರೂಡ್ರೈವರಿನ ಮೊನೆಯಿಂದ ಮೀಟಿದರು. ರಬ್ಬರು ಎನ್ನುವುದು ಹೆಸರಿಗೆ ಮಾತ್ರ. ಕರಿದ ಹಪ್ಪಳದಂತೆ ಲಟಕ್ಕೆಂದು ತುಂಡಾಯಿತು. ಮೆತ್ತಗಿರುವ ರಬ್ಬರು ಹಿಡಿಯನ್ನು ನೇರಕ್ಕೇ ತಡೆದು ನೀರು ಬಿಡದಂತೆ ಕಚ್ಚುತ್ತದೆ; ಕಾದು ಕಾದು ಕಲ್ಲಾದದ್ದು ಕಚ್ಚುವುದಿಲ್ಲ. ಬಲವಾಗಿ ತಿರುಗಿಸಿದಷ್ಟೂ ಅದು ಪುಡಿಯಾಗುತ್ತದೆ, ತಿರುಗಿಸುವವರ ಕೈ ಉಳುಕುತ್ತದೆ. ಇನ್ನೂ ಬಿಗಿಯಾಗಿ ಎಂದದ್ದು ಅವರೇ.

ನೀರು ಹೆಡ್ಡಿಗೆ ಬರುವ ದಾರಿಯಲ್ಲಿ ಸೂಜಿ ತೂರುವಷ್ಟು ಸಣ್ಣ ತೂತಿನ ಹಿತ್ತಾಳೆಯ ಜೆಟ್ ಒಂದಿತ್ತು. ಗಡಸು ನೀರಿನ ಬಿಳಿ ಕಿಟ್ಟ ಕಟ್ಟಿ ಆ ತೂತು ಇನ್ನೂ ಕಿರಿದಾಗಿತ್ತು. ಅದು ತುಸುವೇ ನೀರು ಬಿಡುವುದು, ಬಿಟ್ಟದ್ದನ್ನು ರಬ್ಬರು ಸೋರಿಸುವುದು: ಹೋದ ನಾಲ್ಕರ ವಿಳಾಸ ಅದು. ಹಿಡಿಯಲ್ಲಿ ಪುಡಿ ಕೂರುವ ಫಿಲ್ಟರ್ ಬಟ್ಟಲನ್ನು ಬೆಳಕಿಗೆ ಹಿಡಿದರು. ಹಳೆಯ ಕಾಫಿಯ ಜಿಡ್ಡು ತುಂಬಿ ಒಂದು ಪಕ್ಕದ ತೂತುಗಳೆಲ್ಲ ಕುರುಡಾಗಿದ್ದವು. ಕಾಫಿ ಇನ್ನೊಂದು ಪಕ್ಕದಿಂದ ತೊಟ್ಟಿಕ್ಕುತ್ತಿದ್ದದ್ದು ಅದಕ್ಕೇ.

"ಬಟ್ಟಲು ನೆನೆಹಾಕೋ ಕ್ಲೀನಿಂಗ್ ಪೌಡರ್ ಎಲ್ಲಿ?"

"ತರ್ಸಿ ಅಂತ ಹೇಳ್ತಾನೇ ಇದ್ದೆ" ಎಂದಳು ಮಗಳು ತೊಟ್ಟಿಯ ಬಳಿಯಿಂದ. "ನೀರಿನ ಫಿಲ್ಟರ್ ಬದಲಾಯ್ಸಿ ಅಂತಾನೂ."

"ಪಾತ್ರೆ ಸೋಪು ಇತ್ತಲ್ಲ" ಎಂದಳು ಬೀಗಿತ್ತಿ.

"ಗ್ರೈಂಡರ್ ಇಷ್ಟು ತರಿಗೆ ಇಟ್ಟಿದ್ಯಾರು?"

ಅಳಿಯ ತಲೆಯೆತ್ತಿದ. "ನಾನೇ. ತೊಟ್ಟಿಕ್ತಿತ್ತಲ್ಲ, ಹರೀಲಿ ಅಂತ."

"ಹರೀತು. ನೀರಾಗಿ ಹರೀತು."

ಜೆಟ್ಟನ್ನೂ ಜಾಲರಿಯನ್ನೂ ಸಿಟ್ರಿಕ್ ಆಸಿಡ್ ಕರಗಿಸಿದ ಬಿಸಿನೀರಿನಲ್ಲಿ ಇಟ್ಟರು. ಕಿಟ್ಟ ನೊರೆಗಟ್ಟಿ ಬಿಟ್ಟಿತು. ಬಾಯ್ಲರಿನ ಒಳಗಿನ ಕಿಟ್ಟ ಒಂದು ಮಧ್ಯಾಹ್ನದ ಕೆಲಸವಲ್ಲ, ಮಿಷನ್ ವರ್ಕ್‌ಶಾಪಿಗೆ ಬರಬೇಕು ಎಂದರು. ಅಳಿಯ ಗಡಿಯಾರ ನೋಡಿದ. ಹೊಸ ರಬ್ಬರು, ಹೊಸ ಬಟ್ಟಲು. ಎಲ್ಲ ಜೋಡಿಸಿ, ಬಿಸಿಯಾದ ಮೇಲೆ ನೀರನ್ನು ಸಾಕಷ್ಟು ಹರಿಸಿ ಚೆಲ್ಲಿ, ಗ್ರೈಂಡರನ್ನು ನಯಕ್ಕೆ ತಿರುಗಿಸಿದರು. ಹಿಡಿ ನೇರಕ್ಕೆ ಬಂದು ನಿಂತಿತು. ಒಂದು ಮುಳ್ಳು ಒಂಬತ್ತು, ಇನ್ನೊಂದು ಮುಳ್ಳೂ ಒಂಬತ್ತು. ಅಂಚು ಒಣಗಿತ್ತು.

ಅಷ್ಟು ಹೊತ್ತಿಗೆ ಷಟರ್ ಮೇಲೆದ್ದಿತ್ತು. ಹೊಸಬ ಬಂದು ಏಪ್ರನ್ ಕಟ್ಟಿಕೊಳ್ಳುತ್ತಿದ್ದ. ಎದುರಿನ ವಿಮೆ ಕಚೇರಿಯ ಗುಮಾಸ್ತನೂ ಅವನ ಇಬ್ಬರು ಜೊತೆಗಾರರೂ ಎಂದಿನ ಮೇಜು ಹಿಡಿದಿದ್ದರು. "ಏನಮ್ಮಾ, ಇವತ್ತೂ ಕಪ್ಪು ತೊಳೆದ ನೀರೇನಾ?" ಎಂದು ಗುಮಾಸ್ತ ಒಳಗೆ ಕೂಗಿದ. ಜೊತೆಗಾರರು ನಕ್ಕರು.

ಅಂದು ಸ್ಪೀಕರಿನಲ್ಲಿ ತಮ್ಮ ಮಾತು ಕೇಳಿದವರು ಇವರೇ ಎಂಬುದು ಮೇಷ್ಟ್ರಿಗೆ ಹೊಳೆಯಿತು. ಅವರು ಮುರಿದ ರಬ್ಬರನ್ನು ಗಲ್ಲಾದ ಮೇಲೆ ಇಟ್ಟರು. ಮೇಜಿನವರಿಗೂ ಕೇಳುವಂತೆ ಧ್ವನಿ ಎತ್ತಿದರು.

"ಅವಳ ಕೈಯಲ್ಲಿ ಏನೂ ತಪ್ಪಿರ್ಲಿಲ್ಲ. ತಪ್ಪು ಮಿಷನ್‌ದು. ಅವಳು ನನಗೆ ಸರಿಯಾಗೇ ಹೇಳಿದ್ಲು. ನಾನೇ ಕೇಳಿಸ್ಕೊಳ್ಳಲಿಲ್ಲ."

 ಬೀಗಿತ್ತಿ ಮೃದುವಾಗಿ ಅಂದಳು: "ಹೆತ್ತವರು ಮಗಳನ್ನ ಬಿಟ್ಟುಕೊಡ್ತಾರಾ? ನಾನಾದ್ರೂ ಹೀಗೇ ಹೇಳ್ತಿದ್ದೆ ಬಿಡಿ."

"ಅವತ್ತು ನನ್ನ ಮಾತು ನಂಬಿದ್ರಲ್ಲ?"

"ಅವತ್ತು ನೀವು ಮೆಕ್ಯಾನಿಕ್ ಆಗಿ ಮಾತಾಡಿದ್ರಿ ಮಾವ" ಎಂದ ಅಳಿಯ. ಅವನ ದನಿಯಲ್ಲಿ ಕೋಪವಿರಲಿಲ್ಲ. ಅಪ್ಪನಾಗಿ ಬಂದವರನ್ನು ಸಮಾಧಾನ ಮಾಡುವ ದನಿ ಅದು.

"ಸರಿ. ಮೊದಲನೇ ಕಪ್ಪು ಅವಳೇ ಮಾಡ್ಲಿ. ಇವರೆಲ್ಲ ಕುಡೀಲಿ. ಆಮೇಲೆ ಹೇಳಿ."

ಮಗಳು ತೊಟ್ಟಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒಂದು ಹೆಜ್ಜೆ ಮುಂದಿಟ್ಟಳು.

"ಅಯ್ಯೋ, ಆ ಕೈಯಲ್ಲಾ?" ಎಂದಳು ಬೀಗಿತ್ತಿ. "ಪಟ್ಟಿ ಬೇರೆ ಕಟ್ಕೊಂಡಿದ್ದಾಳೆ. ಮೊದ್ಲು ವಾಸಿಯಾಗ್ಲಿ ಪಾಪ. ನೋಡಿದವರು ನಮ್ಮನ್ನೇ ಅಂತಾರೆ. ಏಯ್, ನೀನು ಹಾಕಪ್ಪಾ, ಮೂರು ಕಾಫಿ."

ಹೊಸಬ ಒಳ್ಳೆಯ ಹುಡುಗನೇ. ಪುಡಿ ತುಂಬಿದ, ಹದವಾಗಿ ಒತ್ತಿದ, ಹಿಡಿ ತಿರುಗಿಸಿದ. ಅದು ನೇರಕ್ಕೆ ನಿಂತಿತು. ಕಾಫಿ ಜೇನಿನಂತೆ ಎಳೆಯಾಗಿ ಇಳಿದು, ಮೇಲೆ ಕಂದು ನೊರೆ ಕಟ್ಟಿತು. ಮೇಷ್ಟ್ರು ಅದನ್ನು ನೋಡುತ್ತ ನಿಂತರು. ಅಷ್ಟು ಚೆನ್ನಾಗಿ ಅವರು ಯಾವ ಮಿಷನ್ನನ್ನೂ ರಿಪೇರಿ ಮಾಡಿರಲಿಲ್ಲ.

ಗುಮಾಸ್ತ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. "ಅಬ್ಬಾ! ಇದು ಕಾಫಿ. ಏನೇ ಹೇಳಿ, ಕೈಗುಣ ಅಂತ ಒಂದಿರುತ್ತೆ."

"ಕೈ ಬದಲಾಯ್ತು, ಕಾಫಿ ಬದಲಾಯ್ತು" ಎಂದಳು ಬೀಗಿತ್ತಿ. ಮುರಿದ ರಬ್ಬರಿನ ತುಂಡುಗಳನ್ನು ಗಲ್ಲಾದ ಮೇಲಿಂದ ಅಂಗೈಗೆ ಸವರಿಕೊಂಡು ಕಸದ ಬುಟ್ಟಿಗೆ ಹಾಕಿದಳು.

ರಿಪೇರಿಗೆ ಮುಂಚೆ ಹೊಸಬನನ್ನು ಅದೇ ಹಳೆಯ ಮಿಷನ್ನಿನ ಮುಂದೆ ನಿಲ್ಲಿಸಬೇಕಿತ್ತು. ಒಂದು ಕಪ್ಪು ಸಾಕಾಗುತ್ತಿತ್ತು, ಅವನ ಕೈಯಲ್ಲೂ ಅದು ನೀರಾಗಿಯೇ ಬರುತ್ತಿತ್ತು. ಲೆಕ್ಕ ಗೊತ್ತಿದ್ದ ಮನುಷ್ಯ ಹೆಜ್ಜೆಗಳ ಕ್ರಮ ತಪ್ಪಿದ್ದರು, ಈಗ ತೋರಿಸಲು ದೋಷವೇ ಉಳಿದಿರಲಿಲ್ಲ.

ಚೀಲ ಎತ್ತಿಕೊಂಡು ಅವರು ಹಿಂದಿನ ತೊಟ್ಟಿಗೆ ಹೋದರು. ಮಗಳು ಎಡಗೈಯಲ್ಲಿ ಕಪ್ಪು ಉಜ್ಜುತ್ತಿದ್ದಳು.

"ರಬ್ಬರು ಕಲ್ಲಾಗಿತ್ತು" ಎಂದರು.

"ಗೊತ್ತು."

ನಲ್ಲಿಯ ನೀರು ಸುರಿಯುತ್ತಿತ್ತು. ಅವಳು ಅದನ್ನು ನಿಲ್ಲಿಸಿದಳು. "ಅಪ್ಪ, ಗಿರಾಕಿ ಯಾರಾದ್ರೂ ಕಾಫಿ ತೆಳ್ಳಗಾಗಿದೆ ಅಂತ ಫೋನ್ ಮಾಡಿದ್ರೆ, ಮೊದ್ಲು ಏನ್ ಕೇಳ್ತೀರಿ?"

ಅವರು ಚೀಲವನ್ನು ನೆಲಕ್ಕಿಟ್ಟರು. "ಹಿಡಿ ಎಲ್ಲಿ ನಿಲ್ಲುತ್ತೆ ಅಂತ."

"ನಾನು ಕೇಳದೇನೇ ಹೇಳಿದ್ದೆ."

 ಅವಳು ತೊಳೆದ ಕಪ್ಪನ್ನು ಕವುಚಿಟ್ಟಳು. "ಈಗ ನೇರಕ್ಕೆ ನಿಲ್ತಾ?" ಎಂದು ಕೇಳಿದಳು.

"ನಿಂತಿತು."

"ಒಂದ್ಸಲ ತಿರುಗ್ಸಿ ನೋಡ್ಬೇಕು ಅನ್ನಿಸಿತ್ತು."

ಹೊರಗಿನಿಂದ ಹೊಸಬ ಮೂರು ಕಪ್ಪು ತಂದು ತೊಟ್ಟಿಯ ಕಟ್ಟೆಯ ಮೇಲಿಟ್ಟು ಹೋದ. ಎರಡು ತಿಂಗಳಿಂದ ಅರ್ಧ ತುಂಬಿಯೇ ಹಿಂದಿರುಗುತ್ತಿದ್ದ ಕಪ್ಪುಗಳವು. ಇಂದು ತಳದಲ್ಲಿ ಕಂದು ನೊರೆಯ ಉಂಗುರ ಮಾತ್ರ ಉಳಿದಿತ್ತು. ಮಗಳು ಒಂದನ್ನು ಎತ್ತಿ, ಬೆಳಕಿಗೆ ಓರೆ ಮಾಡಿ, ಬಹಳ ಹೊತ್ತು ನೋಡಿದಳು. ಆಮೇಲೆ ನಲ್ಲಿ ತಿರುಗಿಸಿ ಅದನ್ನು ನೀರಿಗೆ ಹಿಡಿದಳು.