ಹದಿನಾರರಲ್ಲಿ ನಾಲ್ಕು

ನಮ್ಮ ಮನೆಯಲ್ಲಿ ಒಂದು ಪದಕ್ಕೆ ಪ್ರವೇಶವಿರಲಿಲ್ಲ. ಆ ಪದ ‘ಕಾಲು’.

ಅಮ್ಮ ಅಂಗಡಿಗೆ ಹೋದರೆ ‘ಇನ್ನೂರೈವತ್ತು ಗ್ರಾಂ ಸಕ್ಕರೆ’ ಎನ್ನುತ್ತಿದ್ದಳು. ಗಂಟೆ ಕೇಳಿದರೆ ‘ಐದು ಗಂಟೆ ಹದಿನೈದು ನಿಮಿಷ’. ನನಗೆ ಮುಳ್ಳು ಚುಚ್ಚಿದರೆ ‘ಪಾದ ತೋರಿಸೇ’ ಎನ್ನುತ್ತಿದ್ದಳು, ಮುಳ್ಳು ಮೊಣಕಾಲಿನ ಹತ್ತಿರವಿದ್ದರೂ ಅದು ಪಾದವೇ. ನಾವು ನಾಲ್ಕೂ ಮಕ್ಕಳು ಹಾಗೇ ಬೆಳೆದೆವು. ಹೊರಗಿನವರು ನಗುತ್ತಿದ್ದರು, ನಾವು ನಗುತ್ತಿರಲಿಲ್ಲ.

ಕಾರಣ ಚಿಕ್ಕಪ್ಪ. ಅಪ್ಪ, ಚಿಕ್ಕಪ್ಪ ತಮ್ಮ ಕಾಲದಲ್ಲಿ ಹೊಲ ಹಂಚಿಕೊಳ್ಳುವಾಗ, ದೊಡ್ಡವನಾದ ಅಪ್ಪನಿಗೆ ಹೋಗುವ ಅರ್ಧದಲ್ಲಿ ತನಗಿನ್ನೂ ಕಾಲು ಪಾಲು ಬರಬೇಕೆಂದು ಚಿಕ್ಕಪ್ಪ ಹಟ ಹಿಡಿದಿದ್ದ. ಮಾತಿಗೆ ಮಾತು ಬೆಳೆಯಿತು. ಅಪ್ಪನ ಕೈಯಲ್ಲಿ ಗುದ್ದಲಿ ಇತ್ತು. ಚಿಕ್ಕಪ್ಪನ ಎಡಗಾಲನ್ನು ಡಾಕ್ಟರು ಮಂಡಿಯ ಕೆಳಗೆ ತೆಗೆಯಬೇಕಾಯಿತು. ‘ಕಾಲು ಕೇಳಿದವನಿಗೆ ಇದ್ದ ಕಾಲೂ ಹೋಯಿತು’ ಎಂದು ಯಾರೋ ಪುಣ್ಯಾತ್ಮ ತಮಾಷೆ ಮಾಡಿದ. ಆ ತಮಾಷೆ ಅಪ್ಪನ ಕಿವಿಗೆ ಬಿದ್ದ ದಿನದಿಂದ ಅವನು ಆ ಪದವನ್ನು ನುಂಗಿಕೊಂಡ.

ಈಗ ಅಪ್ಪನಿಗೆ ಎಪ್ಪತ್ತು. ಹೊಲವನ್ನು ನಾಲ್ವರಿಗೂ ಹಂಚಿಬಿಡುತ್ತೇನೆ ಎಂದು ಅವನು ಹೇಳಿದಾಗಲೇ ನನಗೆ ಚಿಕ್ಕಪ್ಪ ನೆನಪಾದ. ನಾನು ಮೂರನೆಯವಳು, ಬಟ್ಟೆ ಹೊಲಿಯುವವಳು. ನನ್ನ ಮುಂದೆ ಅಣ್ಣ, ಅಕ್ಕ. ನನ್ನ ಹಿಂದೆ ತಮ್ಮ. ತಮ್ಮನನ್ನು ಚಿಕ್ಕಂದಿನಿಂದ ಅಳುಮುಂಜಿ ಎಂದು ಕರೆದು ಕರೆದು, ಅವನಿಗೀಗ ಗಡ್ಡ ಬಂದಿದ್ದರೂ ಹೆಸರು ಬಿಟ್ಟಿಲ್ಲ. ಅಣ್ಣ ಒಳ್ಳೆಯವನು. ಆದರೆ ಸಿಟ್ಟು ಬಂದಾಗ ಅವನ ಮುಖ ಅಪ್ಪನ ಹಳೆಯ ಮುಖವಾಗುತ್ತದೆ. ನಾನು ಹೆದರುತ್ತಿದ್ದದ್ದು ಆ ಮುಖಕ್ಕೆ.

ಅಪ್ಪ ನಮ್ಮನ್ನು ಒಬ್ಬೊಬ್ಬರನ್ನೇ ಕರೆದು ಪಾಲು ಹೇಳಿದ. ಎಲ್ಲರನ್ನೂ ಒಟ್ಟಿಗೆ ಕೂರಿಸುವ ಧೈರ್ಯ ಅವನಿಗಿರಲಿಲ್ಲ. ಮೊದಲು ಅಣ್ಣನಿಗೆ ‘ನಾಲ್ಕರಲ್ಲಿ ಒಂದು’ ಎಂದ. ಅಣ್ಣ ಮುಖ ಸಿಂಡರಿಸಿಕೊಂಡು, ‘ಒಂದೇನಾ’ ಎಂದನಂತೆ. ಒಂದು ಎಂಬುದು ಕಿವಿಗೆ ಬಡವಾಗಿ ಕೇಳಿಸುತ್ತದೆ ಎಂದುಕೊಂಡ ಅಪ್ಪ, ಮಾರನೆಯ ದಿನ ಅಕ್ಕನಿಗೆ ‘ಎಂಟರಲ್ಲಿ ಎರಡು’ ಎಂದ. ನನಗೆ ‘ಹನ್ನೆರಡರಲ್ಲಿ ಮೂರು’. ಸುಲಭಕ್ಕೆ ಕಣ್ಣೀರು ಹಾಕುವ ತಮ್ಮನಿಗೆ ‘ಹದಿನಾರರಲ್ಲಿ ನಾಲ್ಕು’. ‘ಎಲ್ಲರಿಗೂ ಕಾಲು’ ಎಂಬ ಎರಡು ಮಾತಿನಲ್ಲಿ ಮುಗಿಯುವುದಿತ್ತು. ಆ ಎರಡನೆಯ ಮಾತು ಅವನ ನಾಲಿಗೆ ದಾಟಲಿಲ್ಲ.

ನಾನು ನನ್ನ ಲೆಕ್ಕ ಮನಸ್ಸಿನಲ್ಲೇ ಮಾಡಿಕೊಂಡು ಸುಮ್ಮನಾದೆ. ಉಳಿದವರಿಗೂ ಹನ್ನೆರಡರಲ್ಲಿ ಮೂರು ಎಂದೇ ಹೇಳಿರುತ್ತಾನೆ ಎಂದುಕೊಂಡೆ. ಅಲ್ಲಿ ನಾನು ದಡ್ಡಿಯಾದೆ.

ಅಳತೆಯವನು ಬಂದದ್ದು ಬೆಳಗ್ಗೆ, ಸೈಕಲ್ಲಿನಲ್ಲಿ, ಟೇಪು ಮತ್ತು ಒಂದು ಕಟ್ಟು ಗೂಟ ತೆಗೆದುಕೊಂಡು. ಹಳೆಯ ಗಡಿಕಲ್ಲು ಕಾಣಿಸಲೆಂದು ಅಣ್ಣ ಆಗಲೇ ಕುಡುಗೋಲು ಹಿಡಿದು ಬದುವಿನ ಹುಲ್ಲು ಕೊಯ್ಯುತ್ತಿದ್ದ. ಹೊಲ ನೇರವಾಗಿ, ಚೌಕಾಕಾರವಾಗಿದೆ. ಮೇಲಿನ ತುದಿಯಲ್ಲಿ ನೀರಿನ ಕಾಲುವೆ, ಕೆಳಗಿನ ತುದಿಯಲ್ಲಿ ಬರೀ ಕಲ್ಲು. ಆದ್ದರಿಂದ ಮೇಲಿನಿಂದ ಕೆಳಕ್ಕೆ ಉದ್ದುದ್ದ ಸೀಳಬೇಕು, ಎಲ್ಲರಿಗೂ ಅಷ್ಟಷ್ಟು ನೀರು ಅಷ್ಟಷ್ಟು ಕಲ್ಲು ಬರಲಿ ಎಂದು ಅಪ್ಪ ಮೊದಲೇ ಹೇಳಿದ್ದ. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ.

ಅಳತೆಯವನು ಅಗಲ ಹಿಡಿದು ನೋಡಿ, “ನಲವತ್ತೆಂಟು ಮೀಟರ್” ಎಂದು ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಪೆನ್ನು ಕಿವಿಗೆ ಸಿಕ್ಕಿಸಿ, “ಸರಿ, ಯಾರ್ಯಾರಿಗೆ ಎಷ್ಟೆಷ್ಟು, ಒಬ್ಬೊಬ್ರೇ ಹೇಳಿ” ಎಂದ.

“ನಾಲ್ಕರಲ್ಲಿ ಒಂದು” ಎಂದ ಅಣ್ಣ.

“ಎಂಟರಲ್ಲಿ ಎರಡು” ಎಂದಳು ಅಕ್ಕ.

ನನ್ನ ಸರದಿ ಬಂತು. ಅಪ್ಪ ಏನು ಮಾಡಿದ್ದಾನೆಂದು ಆಗ ನನಗೆ ಹೊಳೆಯಿತು. ಅಷ್ಟರಲ್ಲಿ ತಮ್ಮ, ಕಾಲುವೆಯ ಪಕ್ಕದಲ್ಲಿ ನಿಂತವನು, ಖುಷಿಯಿಂದ ಕೂಗಿ ಹೇಳಿದ.

“ನಂಗೆ ಹದಿನಾರರಲ್ಲಿ ನಾಲ್ಕು!”

ಅಳತೆಯವನು ನಕ್ಕುಬಿಟ್ಟ. “ಎಲ್ಲಾ ಒಂದೇ ಅಲ್ವೇನ್ರೀ ಇದು!”

ಅವನು ನಗಬಾರದಿತ್ತು. ಅಣ್ಣ ಹುಲ್ಲಿನಿಂದ ಎದ್ದು ನಿಂತ. ಕುಡುಗೋಲು ಕೈಯಲ್ಲೇ ಇತ್ತು.

“ಒಂದೇನಾ? ನಂಗೆ ಒಂದು, ಅವನಿಗೆ ನಾಲ್ಕು, ಅದು ಒಂದೇನಾ? ನೀನೂ ಅವನ ಜೊತೆ ಸೇರ್ಕೊಂಡಿದೀಯಾ?”

ಅಳತೆಯವನ ನಗು ಹಾರಿಹೋಯಿತು. ಅವನು ಹಿಂದೆ ಹಿಂದೆ ಸರಿದು ಸೈಕಲ್ಲನ್ನು ತನಗೂ ಅಣ್ಣನಿಗೂ ನಡುವೆ ನಿಲ್ಲಿಸಿಕೊಂಡ.

“ನಾಲ್ಕಾದ್ರೇನು, ಹದಿನಾರು ಚೂರು ಮಾಡಿದ ಮೇಲೆ ಚೂರು ಎಷ್ಟಿರುತ್ತೆ? ಚೂರೇ ಅಲ್ವಾ?” ಎಂದು ಅಕ್ಕ ತಮ್ಮನ ಪರ ಹೇಳಹೋದಳು. ಮರುಗಳಿಗೆಯಲ್ಲೇ ಅವಳಿಗೂ ಭಯವಾಯಿತು. “ಹಂಗಾದ್ರೆ ನಂದೂ ಅಣ್ಣಂದಕ್ಕಿಂತ ಸಣ್ಣ ಚೂರು! ಅಪ್ಪಾ, ಏನ್ ಮಾಡಿದೀಯಾ ನೀನು?”

ಅಣ್ಣ ನೋಡಿದ್ದು ಎಷ್ಟು ತುಂಡು ಎಂಬುದನ್ನು ಮಾತ್ರ. ಅಕ್ಕ ನೋಡಿದ್ದು ತುಂಡು ಎಷ್ಟು ಸಣ್ಣದು ಎಂಬುದನ್ನು ಮಾತ್ರ. ಅರ್ಧ ಸರಿ ಇರುವವರಷ್ಟು ಜೋರಾಗಿ ಕೂಗುವವರು ಇನ್ನಾರೂ ಇಲ್ಲ.

ಅಪ್ಪ ಬದುವಿನ ಮೇಲೆ ಕುಸಿದು ಕೂತ. ಅವನ ತುಟಿ ಅಲ್ಲಾಡುತ್ತಿತ್ತು. “ಎಲ್ಲಾರಿಗೂ... ಎಲ್ಲಾರಿಗೂ...” ಎನ್ನುತ್ತಿದ್ದ, ಮುಂದಿನ ಪದ ಬರುತ್ತಿರಲಿಲ್ಲ. ಅಣ್ಣ ತಮ್ಮನ ಕಡೆಗೆ ನಡೆಯತೊಡಗಿದ. ಓಡಲಿಲ್ಲ, ನಡೆದ. ಅದು ಇನ್ನೂ ಭಯವಾಗುವಂತಿತ್ತು. ತಮ್ಮ ಕಾಲುವೆಗೆ ಇಳಿದು, ನೀರು ದಾಟಿ, ಆಚೆ ದಡ ಹತ್ತಿದ. ಇನ್ನು ಇಪ್ಪತ್ತು ಹೆಜ್ಜೆ, ಆಮೇಲೆ ನಮ್ಮ ಮನೆಯಲ್ಲಿ ಇನ್ನೂ ಒಂದು ಪದ ಸಾಯುತ್ತದೆ ಅನ್ನಿಸಿತು.

“ಕಾಲು!” ಎಂದು ಕಿರುಚಿದೆ. “ಕಾಲು ಕಣೋ! ಎಲ್ಲರಿಗೂ ಕಾಲು!”

ಅಣ್ಣ ನಿಂತ. ನನ್ನ ಬಾಯಲ್ಲಿ ಆ ಪದವನ್ನು ನಾನು ಹುಟ್ಟಿದಾರಭ್ಯ ಅವನು ಕೇಳಿರಲಿಲ್ಲ. ಅಪ್ಪ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

“ಬಾಯಿಮಾತು ಬೇಡ. ತೋರ್ಸು” ಎಂದ ಅಣ್ಣ, ತಿರುಗದೆ.

ನನ್ನ ಚೀಲದಲ್ಲಿ ಯಾರದೋ ಲಂಗಕ್ಕೆಂದು ತಂದಿದ್ದ ಬಿಳಿ ಲೈನಿಂಗ್ ಬಟ್ಟೆಯಿತ್ತು, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣವೂ ಇತ್ತು. ಬಟ್ಟೆಯನ್ನು ಅವನ ಮುಂದೆ ನೆಲಕ್ಕೆ ಹಾಸಿದೆ. ಮೊದಲ ಮಡಿಕೆಯಲ್ಲಿ ಅಂಚಿಗೆ ಅಂಚು ಕೂರಲಿಲ್ಲ. ಬಿಚ್ಚಿ ಮತ್ತೆ ಮಡಿಸಿದೆ.

“ನೋಡು. ಇದು ಹೊಲ. ಒಂದು ಸಲ ಮಡಿಸ್ದೆ, ಇನ್ನೊಂದು ಸಲ ಮಡಿಸ್ದೆ. ಬಿಚ್ಚಿದ್ರೆ ನಾಲ್ಕು ಪಟ್ಟಿ. ಇಗೋ, ಈ ಒಂದು ಪಟ್ಟಿ ನಿಂದು.” ಆ ಪಟ್ಟಿಗೆ ಪೂರ್ತಿ ನೀಲಿ ಬಳಿದೆ. “ಈಗ ಅದೇ ಬಟ್ಟೇನ ಇನ್ನೊಂದು ಸಲ ಹೆಚ್ಚಿಗೆ ಮಡಿಸ್ತೀನಿ. ಇಗೋ ಬಿಚ್ಚಿದೆ. ಎಷ್ಟು ಪಟ್ಟಿ?”

“ಎಂಟು.”

“ನೀಲಿ ಎಷ್ಟು?”

ಅವನು ಬಗ್ಗಿ ನೋಡಿದ. “ಎರಡು.”

“ನೀಲಿ ದೊಡ್ಡದಾಯ್ತಾ?”

ನಾನು ಇನ್ನೊಮ್ಮೆ ಮಡಿಸಿ ಬಿಚ್ಚಿದೆ. ಹದಿನಾರು ಪಟ್ಟಿ, ನೀಲಿ ನಾಲ್ಕು. ಆಮೇಲೆ ಮೊದಲಿನ ನಾಲ್ಕೇ ಪಟ್ಟಿ ಉಳಿಯುವಂತೆ ಉಳಿದ ಗೆರೆಗಳನ್ನು ಅಂಗೈಯಿಂದ ತೀಡಿ, ಒಂದೊಂದನ್ನೂ ಮೂರು ಮಡಿಕೆ ಮಾಡಿದೆ. ಹನ್ನೆರಡು ಪಟ್ಟಿ, ನೀಲಿ ಮೂರು. ಅದು ನನ್ನ ಪಾಲು.

“ಗೆರೆ ಹೆಚ್ಚಾಯ್ತು ಕಣೋ, ಬಟ್ಟೆ ಹೆಚ್ಚಾಗ್ಲಿಲ್ಲ. ಎಲ್ಲಾ ಪಟ್ಟೀನೂ ಎರಡೆರಡು ಸೀಳಿದ್ರೆ ನಿನ್ನ ಪಟ್ಟೀನೂ ಎರಡಾಗುತ್ತೆ. ಒಟ್ಟು ಪಟ್ಟಿ ನಾಲ್ಕು ಹೋಗಿ ಎಂಟಾದ್ರೆ, ನಿನ್ನ ಪಟ್ಟಿ ಒಂದು ಹೋಗಿ ಎರಡು. ಎರಡೂ ಒಂದೇ ಪಟ್ಟು ಬೆಳೀತು, ನಿನ್ನ ಪಾಲು ಇದ್ದ ಹಾಗೇ ಇತ್ತು.”

ಅಕ್ಕ ಪಕ್ಕದಲ್ಲಿ ಕೂತು ಬೆರಳಿಟ್ಟು ಎಣಿಸಿದಳು, ಎರಡು ಸಲ. ಅವಳಿಗೆ ಅಳು ಬಂತು. ನನ್ನ ಅಕ್ಕನಿಗೆ ಸಮಾಧಾನವಾದರೆ ಬರುವುದು ಅಳುವೇ.

ಅಣ್ಣನಿಗೆ ಅಷ್ಟೂ ಸಾಲಲಿಲ್ಲ. “ಬಟ್ಟೆ ಸರಿ. ನೆಲದ್ದು ಹೇಳು” ಎಂದು ಅಳತೆಯವನ ಕಡೆ ನೋಡಿದ. ಅಳತೆಯವನು ಸೈಕಲ್ಲಿನ ಹಿಂದಿನಿಂದಲೇ, ಈ ಸಲ ನಗದೆ, ಲೆಕ್ಕ ಹೇಳಿದ. ನಲವತ್ತೆಂಟನ್ನು ನಾಲ್ಕು ಮಾಡಿದರೆ ಹನ್ನೆರಡು ಮೀಟರ್, ಅಂಥದ್ದು ಒಂದು. ಎಂಟು ಮಾಡಿದರೆ ಆರಾರು, ಅಂಥವು ಎರಡು. ಹನ್ನೆರಡು ಮಾಡಿದರೆ ನಾಲ್ಕು ನಾಲ್ಕು, ಅಂಥವು ಮೂರು. ಹದಿನಾರು ಮಾಡಿದರೆ ಮೂರು ಮೂರು, ಅಂಥವು ನಾಲ್ಕು.

“ಹನ್ನೆರಡು, ಹನ್ನೆರಡು, ಹನ್ನೆರಡು, ಹನ್ನೆರಡು” ಎಂದು ಅಣ್ಣ ತನಗೆ ತಾನೇ ಹೇಳಿಕೊಂಡ. ಮುಖದಿಂದ ಅಪ್ಪನ ಮುಖ ಇಳಿಯಿತು. ನಾಚಿಕೆಯಿಂದ ಕಿವಿ ಕೆಂಪಾಯಿತು. “ಅಪ್ಪಾ, ಮೊದ್ಲೇ ಹಿಂಗೆ ಹೇಳೋದಲ್ವಾ?”

ಅಪ್ಪ ಕಿವಿಯಿಂದ ಕೈ ತೆಗೆದ. “ಹೆದರ್ಕೊಂಡಿದ್ದೆ ಮಗಾ” ಎಂದ. ಅಷ್ಟೇ ಹೇಳಿದ. ನಮ್ಮಪ್ಪ ಹೆದರಿದ್ದೇನೆ ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹನ್ನೆರಡು ಮೀಟರಿಗೊಂದರಂತೆ ಗೂಟ ನೆಟ್ಟೆವು. ಅಣ್ಣ ತಾನೇ ಟೇಪಿನ ತುದಿ ಹಿಡಿದ, ತಾನೇ ಓದಿದ. ಕೊನೆಯ ಗೂಟ ಉಳಿಯಿತು, ತಮ್ಮನ ಪಾಲಿನದು.

“ಬಾರೋ ಅಳುಮುಂಜಿ,” ಎಂದು ಅಣ್ಣ ಕಾಲುವೆಯಾಚೆಗೆ ಕೂಗಿದ. ದನಿಯಲ್ಲಿ ತುಂಬಾ ಪ್ರೀತಿಯಿತ್ತು. “ನಿನ್ನ ಗೂಟ ನೀನೇ ಹೊಡಿ ಬಾ.”

ತಮ್ಮ ಅಲ್ಲಾಡಲಿಲ್ಲ. ಅವನು ಅಳುತ್ತಲೂ ಇರಲಿಲ್ಲ.

“ಮೊದ್ಲು ಅದನ್ನ ಕೆಳಗಿಡು ಅಣ್ಣ.”

“ಯಾವುದನ್ನ?” ಎಂದ ಅಣ್ಣ. ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡ. ಅಷ್ಟು ಹೊತ್ತೂ, ಬಟ್ಟೆ ನೋಡುವಾಗಲೂ, ಎಡಗೈಯಲ್ಲಿ ಟೇಪು ಹಿಡಿದಾಗಲೂ, ಕುಡುಗೋಲು ಅಲ್ಲೇ ಇತ್ತು. ಅವನಿಗೆ ಗೊತ್ತೇ ಇರಲಿಲ್ಲ. ಬಿಡಲು ನೋಡಿದ, ಬೆರಳು ಬಿಡಲಿಲ್ಲ. ನನ್ನ ಕಡೆ ತಿರುಗಿದ ಅವನ ಕಣ್ಣಲ್ಲಿದ್ದ ಭಯ ನಮ್ಮೆಲ್ಲರ ಭಯಕ್ಕಿಂತ ದೊಡ್ಡದಾಗಿತ್ತು.

ನಾನು ಹೋಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕುಡುಗೋಲನ್ನು ತೆಗೆದುಕೊಂಡು ಹೋಗಿ ಅಳತೆಯವನ ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿದೆ.

ಆಗ ತಮ್ಮ ನೀರು ದಾಟಿ ಬಂದ. ಗೂಟ ನಿಲ್ಲಿಸಿ, ಕಲ್ಲೆತ್ತಿ ಹೊಡೆದ. ಅವನ ಪಾಲೂ ಅಣ್ಣನ ಪಾಲೂ ಒಂದು ಗೇಣೂ ಹೆಚ್ಚು ಕಮ್ಮಿ ಇರಲಿಲ್ಲ. ಆದರೆ ಗೂಟ ಹೊಡೆದು ಮುಗಿಯುವವರೆಗೂ ಅವನು ಅಣ್ಣನಿಗೆ ಬೆನ್ನು ತೋರಿಸಲಿಲ್ಲ.