ಕಾಲುವೆಯಲ್ಲಿ ಅವಳ ಪಾಲೆಷ್ಟು

ವಾಡಿಯಲ್ಲಿ ಕಾರ್ಖಾನೆಯ ನೌಕರರಿಗಾಗಿ ಮೂರಂತಸ್ತಿನ ವಸತಿಗೃಹಗಳನ್ನು ಕಟ್ಟುತ್ತಿದ್ದ ಗುತ್ತಿಗೆ ಕಂಪನಿ, ೨೦೦೪ರಲ್ಲಿ ಸೈಟ್ ಎಂಜಿನಿಯರ್ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಮೂರು ವರ್ಷ ಸೈಟಿನಲ್ಲಿ ನಿಂತು ಕೆಲಸ ನೋಡಿಕೊಂಡಿರಬೇಕು, ಆಟೋಕ್ಯಾಡ್‌ನಲ್ಲಿ ನಕ್ಷೆ ಬಿಡಿಸಲು ಬರಬೇಕು, ಮಾಡಿಸಿದ ಕೆಲಸ ಎಷ್ಟು ದೊಡ್ಡದೆಂಬುದಕ್ಕೆ ಪುರಾವೆ ಇರಬೇಕು. ಅರ್ಜಿಗಳನ್ನು ಸೋಸುವ ಹೊಣೆ ಪ್ಲಾನಿಂಗ್ ಎಂಜಿನಿಯರ್ ಹರಿಪ್ರಿಯಾಳ ಮೇಲೆ ಬಿತ್ತು.

ಉಳಿದವನ್ನೆಲ್ಲ ಅವಳು ಬೇಗನೆ ಮುಗಿಸಿದಳು. ಶಹಾಬಾದಿನ ಮಹೆವಿಶಳ ಬಯೋಡೇಟಾ ಮಾತ್ರ ಮೇಜಿನ ಮೇಲೆಯೇ ಉಳಿಯಿತು. ಚಿಂಚೋಳಿ ಕಡೆ ನೀರಾವರಿ ಕಾಲುವೆಯಲ್ಲಿ ಮೂರು ವರ್ಷ ಮೇಲ್ವಿಚಾರಣೆ, ಕಾಮಗಾರಿಯ ಮೊತ್ತ ನಾಲ್ಕು ಕೋಟಿ ಎಂದು ಬರೆದಿತ್ತು. ಜೊತೆಗಿದ್ದ ಗುತ್ತಿಗೆದಾರನ ಅನುಭವ ಪತ್ರದಲ್ಲಿ ಹುದ್ದೆ ‘ನಕ್ಷೆ ಸಹಾಯಕಿ’ ಎಂದಿತ್ತು. ಸೈಟಿನ ಮಾತೇ ಇರಲಿಲ್ಲ.

ಹರಿಪ್ರಿಯಾ ಗುತ್ತಿಗೆದಾರ ಅಂಬರಾಯನಿಗೆ ಫೋನ್ ಮಾಡಿದಳು. ಆ ಹುಡುಗಿ ಸೈಟಿಗೂ ಹೋಗುತ್ತಿದ್ದಳು, ಆಫೀಸಿನಲ್ಲೂ ಕೂಡುತ್ತಿದ್ದಳು ಎಂದು ಆತ ಹೇಳಿದ. ಹಾಗಾದರೆ ಪತ್ರದಲ್ಲಿ ಯಾಕೆ ಹಾಗೆ ಬರೆದಿರಿ ಎಂದಾಗ, ಹೆಣ್ಣುಮಗಳಿಗೆ ಸೈಟ್ ಎಂಜಿನಿಯರ್ ಅಂತ ಬರೆದರೆ ಯಾರು ನಂಬುತ್ತಾರೆ ಎಂದು ನಕ್ಕ. ಅದು ಸತ್ಯವೋ, ಮಾತು ತಪ್ಪಿಸಿಕೊಳ್ಳುವ ದಾರಿಯೋ, ಅವಳಿಗೆ ತಿಳಿಯಲಿಲ್ಲ.

ಹರಿಪ್ರಿಯಾಳ ಗೊಂದಲಕ್ಕೆ ಇನ್ನೊಂದು ಕಾರಣವೂ ಇತ್ತು. ಹತ್ತು ವರ್ಷದ ನೌಕರಿಯಲ್ಲಿ ಅವಳನ್ನು ಯಾರೂ ಸೈಟಿಗೆ ಹಾಕಿರಲಿಲ್ಲ. ಬಯೋಡೇಟಾವನ್ನು ತಾನು ನಂಬುತ್ತಿರುವುದು ಅದರಲ್ಲಿ ಹುರುಳಿದೆ ಎಂದೋ, ತನಗೆ ಸಿಗದ್ದು ಆ ಹುಡುಗಿಗಾದರೂ ಸಿಗಲಿ ಎಂದೋ? ಪ್ರಾಜೆಕ್ಟ್ ಮ್ಯಾನೇಜರ್ ಹಣಮಂತರಾಯರು ಕೇಳಿದಾಗ, ಕರೆಸಿ ನೋಡೋಣ ಎಂದಷ್ಟೇ ಹೇಳಿದಳು.

ಮಹೆವಿಶ ಬಂದಳು. ಕುಳಿತುಕೊಳ್ಳುತ್ತಲೇ ಕಡತ ಬಿಚ್ಚಿದಳು. ಹರಿಪ್ರಿಯಾ ನೇರವಾಗಿ ಕೇಳಿದಳು.

“ನಾಲ್ಕು ಕೋಟಿ ಕೆಲಸ ನೀವೇ ನೋಡಿಕೊಂಡೀರೇನ್ರಿ?”

“ಇಲ್ರಿ ಮೇಡಂ. ಅದು ಪೂರಾ ಕಾಲುವೆದು. ನನ್ನ ಕೈಯಾಗ ಇದ್ದದ್ದು ಎರಡು ಮೋರಿ, ಮತ್ತ ಅವುಗಳ ನಡುವಿನ ಕಾಲುವೆಗೆ ಕಾಂಕ್ರೀಟ್ ಲೈನಿಂಗ್. ಬಯೋಡೇಟಾದಾಗ ಪೂರಾದ್ದು ಬರೀತಾರಂತ ಎಲ್ಲರೂ ಹೇಳಿದ್ರು, ನಾನೂ ಹಂಗ ಬರದೆ.”

ಹಣಮಂತರಾಯರು ಕುರ್ಚಿಗೆ ಒರಗಿದರು. ಮುಗಿಯಿತು ಎಂಬಂತಿತ್ತು ಅವರ ಮುಖ. ಹರಿಪ್ರಿಯಾ ಮಾತ್ರ ಬಿಡಲಿಲ್ಲ. ಮೋರಿಯ ಪಾಯದ ಬಗ್ಗೆ ಕೇಳಿದಳು. ನಕ್ಷೆಯಲ್ಲಿ ತೋರಿಸಿದ ಆಳಕ್ಕೆ ಅಗೆದರೂ ಉಬ್ಬಿ ಕುಗ್ಗುವ ಕಪ್ಪು ಮಣ್ಣು ಮುಗಿದಿರಲಿಲ್ಲ, ಕಾಂಕ್ರೀಟ್ ಹಾಕುವುದನ್ನು ತಡೆದು ಇಲಾಖೆಯ ಎಂಜಿನಿಯರನ್ನು ಕರೆಸಿದೆ, ಅವರು ಒಪ್ಪಿದ ಮೇಲೆ ಗಟ್ಟಿ ನೆಲ ಸಿಗುವವರೆಗೆ ಅಗೆಸಿ, ಬದಲಾದ ನಕ್ಷೆಯನ್ನು ನಾನೇ ಬಿಡಿಸಿದೆ ಎಂದು ಮಹೆವಿಶ ಹೇಳಿದಳು. ಆ ನಕ್ಷೆಯ ಪ್ರತಿ ಕಡತದಲ್ಲಿತ್ತು, ಇಲಾಖೆಯ ಸಹಿಯೂ ಇತ್ತು. ಗುಂಡಿಯ ಅಂಚಿನಲ್ಲಿ ಅವಳು ನಿಂತಿದ್ದ ಫೋಟೋವನ್ನೂ ತೋರಿಸಿದಳು.

ಆಫೀಸಿನ ಕಂಪ್ಯೂಟರಿನಲ್ಲಿ ವಸತಿಗೃಹದ ಮೆಟ್ಟಿಲಿನ ಅಡ್ಡಸೀಳಿನ ನಕ್ಷೆ ಬಿಡಿಸಲು ಹೇಳಿದರು. ತಡವರಿಸದೆ ಬಿಡಿಸಿದಳು, ಅಳತೆಗಳನ್ನು ನಮೂದಿಸಿದಳು. ಸ್ಲ್ಯಾಬ್ ಹಾಕುವ ಮುಂಚೆ ಏನೇನು ನೋಡುತ್ತೀರಿ ಎಂದಾಗ ಸರಳುಗಳ ಅಂತರ, ಅವುಗಳ ಕೆಳಗೆ ಕಾಂಕ್ರೀಟಿಗೆ ಬಿಡುವ ಕವರ್, ಸೆಂಟ್ರಿಂಗ್ ಹಲಗೆಗಳ ಆಧಾರ ಎಂದು ಹೇಳಿದಳು. ಆದರೆ ಮೂರಂತಸ್ತಿನ ಕಟ್ಟಡದಲ್ಲಿ ಕೆಲಸ ಮಾಡಿದ್ದೀರಾ ಎಂದರೆ, ಇಲ್ಲ ಎಂದಳು. ಮೂರು ವರ್ಷದಲ್ಲಿ ಸೈಟಿನಲ್ಲಿದ್ದದ್ದು ಅರ್ಧದಷ್ಟು, ಉಳಿದದ್ದು ನಕ್ಷೆಯ ಕೆಲಸ ಎಂದೂ ಒಪ್ಪಿಕೊಂಡಳು.

ಅವಳನ್ನು ಹೊರಗೆ ಕೂಡಿಸಿ ಹಣಮಂತರಾಯರು ಕೇಳಿದರು, “ಈಕಿ ನಮ್ಮ ಜಾಹೀರಾತಿಗೆ ಹೊಂದತಾಳೇನು, ಇಲ್ಲೇನು? ಒಂದು ಮಾತು ಹೇಳ್ರಿ.”

“ನಕ್ಷೆಗೆ ಹೊಂದತಾಳ್ರಿ. ಸೈಟಿಗೆ ಅರ್ಧ. ಆಕಿ ಬರೆದ ನಾಲ್ಕು ಕೋಟಿ ಕೆಲಸಕ್ಕ ಪುರಾವೆ ಇಲ್ಲ, ಆದ್ರ ಆಕಿ ಮಾಡಿದ್ದಕ್ಕ ಪುರಾವೆ ಅದ.”

“ಹಂಗಾದ್ರ ಆಫೀಸ್‌ನ್ಯಾಗ ನಕ್ಷೆಗೆ ಇಟಗೊಳ್ಳೋಣ.”

ಸುಲಭದ ಪರಿಹಾರ. ಹರಿಪ್ರಿಯಾಗೂ ಹಾಗೇ ಅನಿಸಿತು, ಅನಿಸಿದ್ದಕ್ಕೆ ಬೇಸರವೂ ಆಯಿತು. ಒಳಗೆ ಕರೆದು ಅದನ್ನು ಮಹೆವಿಶಳಿಗೆ ಹೇಳಿದರು.

“ನಕ್ಷೆ ಕೆಲಸ ಶಹಾಬಾದದಾಗೂ ಸಿಗತದರಿ. ನಾನು ಸೈಟಿಗಂತ ಅರ್ಜಿ ಹಾಕೀನಿ,” ಎಂದು ಕಡತ ಕಟ್ಟಿಕೊಂಡಳು.

ಅವಳು ಬಾಗಿಲು ತಲುಪುವ ಮುಂಚೆ ಹರಿಪ್ರಿಯಾ ತಡೆದಳು. ಜಾಹೀರಾತಿನ ಹುದ್ದೆಯನ್ನು ಈಗ ಕೊಡಲಾಗುವುದಿಲ್ಲ, ಅನುಭವ ಸಾಲದು. ಒಂದು ಬ್ಲಾಕಿಗೆ ಕಿರಿಯ ಸೈಟ್ ಎಂಜಿನಿಯರ್ ಆಗಿ ಮೂರು ತಿಂಗಳು ಬಂದು ನೋಡಿ ಎಂದಳು. ಹಣಮಂತರಾಯರು ಹುಬ್ಬೇರಿಸಿದರು, ಆದರೆ ಬೇಡ ಎನ್ನಲಿಲ್ಲ. ಮಹೆವಿಶ ಒಪ್ಪಿ ತಲೆಯಾಡಿಸಿದಳು. ಸಂತೋಷವೋ, ನಿರಾಸೆಯೋ, ಮುಖದಲ್ಲಿ ಕಾಣಲಿಲ್ಲ.

ಸೋಮವಾರ ಅವಳು ಸೈಟಿಗೆ ಬಂದಳು. ಎರಡನೆಯ ಬ್ಲಾಕಿನಲ್ಲಿ ಕಂಬಗಳಿಗೆ ಸರಳು ಕಟ್ಟುತ್ತಿದ್ದರು. ಹರಿಪ್ರಿಯಾ ಅವಳೊಡನೆ ಅಲ್ಲಿಯವರೆಗೆ ನಡೆದಳು, ದಾರಿಯುದ್ದಕ್ಕೂ ತಾನು ತೂಗಿದ್ದು ಬಯೋಡೇಟಾವನ್ನೋ ಈ ಹುಡುಗಿಯನ್ನೋ ಎಂದು ಯೋಚಿಸುತ್ತ. ಸರಳುಗಳ ಅಂತರ ಅಳೆಯಲು ಮಹೆವಿಶ ಟೇಪು ಹಿಡಿದು ಬಾಗಿದಾಗ, ಹರಿಪ್ರಿಯಾ ತಾನೂ ಅದರ ಇನ್ನೊಂದು ತುದಿ ಹಿಡಿದಳು.